ಶಿಫಾರಸು ಪತ್ರ ಕೇಳುವುದು ಹೇಗೆ: ಎಂಟು ಸೂತ್ರಗಳು

ಸೂಪಾ ಅಣೆಕಟ್ಟಿನಿಂದ ಊರು ಬಿಟ್ಟವರು ಬಂದು ನೆಲೆಸಿದ ಜಾಗ ಜೋಯಿಡಾ ತಾಲೂಕಿನ ರಾಮನಗರ. ಅಲ್ಲಿನ ಒಂದು ಮನೆಯ ಹುಡುಗಿ ಹಳಿಯಾಳದ ಕೆಎಲ್ಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದಳು ಎಂದುಕೊಳ್ಳೋಣ. ಆಮೇಲೆ ಎರಡು ವರ್ಷ ಹುಬ್ಬಳ್ಳಿಯ ಒಂದು ಪ್ಯಾನಲ್ ಬೋರ್ಡ್ ಕಾರ್ಖಾನೆಯಲ್ಲಿ ಕೆಲಸ ಮಾಡಿದಳು. ಈಗ ಎಂ.ಎಸ್. ಮಾಡಲು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕು. ಕೊನೆಯ ದಿನ ಡಿಸೆಂಬರ್ 15, ಮೂರು ಶಿಫಾರಸು ಪತ್ರ ಬೇಕು. ಮನೆಯವರಿಗೆ ಗೊತ್ತಿರುವುದು ಟಿ.ಸಿ. ಮತ್ತು ನಡತೆ ಪ್ರಮಾಣಪತ್ರ ಮಾತ್ರ. ಅವೆರಡನ್ನೂ ಕಾಲೇಜಿನ ಗುಮಾಸ್ತರು ರಿಜಿಸ್ಟರ್ ನೋಡಿ ಬರೆದು ಕೊಡುತ್ತಾರೆ. ಶಿಫಾರಸು ಪತ್ರವನ್ನು ನಿಮ್ಮ ಕೆಲಸ ನೋಡಿದವರು ನೆನಪಿನಿಂದ ಬರೆಯಬೇಕು. ಆ ನೆನಪಿಗೆ ಬೇಕಾದ ಸಾಮಗ್ರಿಯನ್ನೂ ಬರೆಯಲು ಸಮಯವನ್ನೂ ಒದಗಿಸುವುದು ಕೇಳುವವರ ಪಾಲಿನ ಕೆಲಸ.

1. ಹುದ್ದೆ ನೋಡಬೇಡಿ, ಕೆಲಸ ನೋಡಿದವರನ್ನು ಹುಡುಕಿ.

ಎಲ್ಲರಿಗೂ ಮೊದಲು ಹೊಳೆಯುವ ಹೆಸರು ಪ್ರಿನ್ಸಿಪಾಲರದು. ಆದರೆ ಅವರು ಬರೆಯಬಹುದಾದದ್ದು "ವಿಧೇಯ ವಿದ್ಯಾರ್ಥಿನಿ, ಪರಿಶ್ರಮಿ" ಎಂಬಷ್ಟೇ. ಆಯ್ಕೆ ಸಮಿತಿಯವರು ಅಂಥ ಸಾಲುಗಳನ್ನು ದಿನವಿಡೀ ಓದಿರುತ್ತಾರೆ. ನಮ್ಮ ಹುಡುಗಿಗೆ ಬೇಕಾದವರು ಕೊನೆಯ ವರ್ಷದ ಪ್ರಾಜೆಕ್ಟ್ ಗೈಡ್, ಲ್ಯಾಬಿನಲ್ಲಿ ಜೊತೆಗೆ ನಿಂತ ಇನ್ನೊಬ್ಬ ಮೇಷ್ಟ್ರು, ಮತ್ತು ಕಾರ್ಖಾನೆಯಲ್ಲಿ ಅವಳ ಕೆಲಸ ಪರೀಕ್ಷಿಸುತ್ತಿದ್ದ ಮ್ಯಾನೇಜರ್. ಗೈಡ್ ಇನ್ನೂ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರೂ ಚಿಂತೆಯಿಲ್ಲ.

2. ಇಲ್ಲ ಎನ್ನಲು ದಾರಿ ಬಿಟ್ಟು ಕೇಳಿ.

"ಸರ್, ಒಂದು ಲೆಟರ್ ಕೊಡ್ರಿ" ಎಂದರೆ ನಮ್ಮ ಕಡೆಯ ಮೇಷ್ಟ್ರು ಯಾರೂ ಇಲ್ಲ ಎನ್ನುವುದಿಲ್ಲ. ಸಂಕೋಚಕ್ಕೆ ಒಪ್ಪಿಕೊಂಡು ನಾಲ್ಕು ಸಪ್ಪೆ ಸಾಲು ಬರೆಯುತ್ತಾರೆ. ಅದರ ಬದಲು ಹೀಗೆ ಕೇಳಬಹುದು: "ಸರ್, ನನ್ನ ಪ್ರಾಜೆಕ್ಟಿನ ಬಗ್ಗೆ ವಿವರವಾಗಿ ಬರೆಯೋವಷ್ಟು ನಿಮಗ ನೆನಪೈತೇನ್ರಿ? ಕೆಲಸದ ಒತ್ತಡ ಇದ್ರ ಹೇಳಿಬಿಡ್ರಿ, ನಾನು ಬ್ಯಾರೆ ಮೇಡಂ ಅವರನ್ನ ಕೇಳ್ತೀನ್ರಿ." ಕೂಡಲೇ "ಆ ಪಂಪ್ ಪ್ರಾಜೆಕ್ಟ್ ಅಲ್ಲೇನವಾ?" ಎಂದರೆ ಅದೇ ಒಪ್ಪಿಗೆ. "ಯಾವ ಬ್ಯಾಚು ನೀನು? ನೋಡೋಣ ತಗೋ" ಎಂದರೆ ಧನ್ಯವಾದ ಹೇಳಿ ಮುಂದಿನವರ ಹತ್ತಿರ ಹೋಗುವುದೇ ಒಳ್ಳೆಯದು.

ಮೊದಲ ಮಾತು ಎದುರಿಗೇ ಆಗಲಿ, ಆಗದಿದ್ದರೆ ಫೋನಿನಲ್ಲಾಗಲಿ. ವಾಟ್ಸ್ಆ್ಯಪ್ ಮೆಸೇಜಿನಲ್ಲಿ ದನಿ ಕೇಳಿಸುವುದಿಲ್ಲ. ಹಿಂಜರಿಕೆ ಗೊತ್ತಾಗುವುದು ದನಿಯಲ್ಲೇ.

3. ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ.

ಡಿಸೆಂಬರ್ 15 ಎಂದಾಗ ನವೆಂಬರ್ ಕೊನೆಗೆ ಕೇಳಿದರಾಯಿತು ಎನ್ನಿಸುತ್ತದೆ. ಎಡವುವುದು ಇಲ್ಲೇ. ವಿಟಿಯು ಕಾಲೇಜುಗಳಲ್ಲಿ ಆ ಹೊತ್ತಿಗೆ ಇಂಟರ್ನಲ್ಸ್ ಅಂಕ ತುಂಬುವುದು, ಪ್ರಾಕ್ಟಿಕಲ್ ಪರೀಕ್ಷೆ, ಸೆಮಿಸ್ಟರ್ ಪರೀಕ್ಷೆಯ ಮೇಲ್ವಿಚಾರಣೆ ಎಲ್ಲ ಒಟ್ಟಿಗೇ ಬರುತ್ತವೆ. ಅದಕ್ಕೂ ಮುಂಚೆ ದೀಪಾವಳಿ ರಜೆ. ಅದೇ ಮೇಷ್ಟ್ರನ್ನು ಇನ್ನೂ ನಾಲ್ಕೈದು ಮಕ್ಕಳು ಕೇಳಿರುತ್ತಾರೆ.

ನಮ್ಮ ಹುಡುಗಿಯ ಲೆಕ್ಕ ಹೀಗಿರಲಿ. ಅಕ್ಟೋಬರ್ ಮೂರನೇ ವಾರದಲ್ಲಿ ಹಳಿಯಾಳಕ್ಕೆ ಹೋಗಿ ಮಾತಾಡುವುದು, ಅದೇ ವಾರದಲ್ಲಿ ಕಾಗದಪತ್ರ ಕಳಿಸುವುದು. ನವೆಂಬರ್ ಮೊದಲ ವಾರದಲ್ಲಿ ಅರ್ಜಿಯ ಪೋರ್ಟಲ್ಲಿನಲ್ಲಿ ಮೇಷ್ಟ್ರ ಹೆಸರು ಹಾಕುವುದು. ನವೆಂಬರ್ 20ಕ್ಕೆ ಒಂದು ಮೃದುವಾದ ನೆನಪು. ಪತ್ರ ಏರಿಸಲು ಅವರಿಗೆ ಕೊಟ್ಟ ದಿನ ಡಿಸೆಂಬರ್ 1. ಆ ದಿನ ದಾಟಿದರೂ ಕೈಯಲ್ಲಿ ಇನ್ನೆರಡು ವಾರ ಉಳಿದಿರುತ್ತದೆ. ಡಿಸೆಂಬರ್ 5ರ ತನಕವೂ ಸುದ್ದಿಯಿಲ್ಲದಿದ್ದರೆ, ಮೊದಲೇ ಒಪ್ಪಿಸಿಟ್ಟುಕೊಂಡ ನಾಲ್ಕನೆಯವರಿಗೆ ಆಗಲೂ ಹತ್ತು ದಿನ ಸಿಗುತ್ತದೆ.

ಎರಡೂ ದಿನಾಂಕಗಳನ್ನು ಮೇಷ್ಟ್ರಿಗೆ ಮುಚ್ಚುಮರೆಯಿಲ್ಲದೆ ಹೇಳಿ. "ಕೊನೇ ದಿನ 15 ಸರ್, 1ಕ್ಕ ಆದ್ರ ನನಗ ನೆಮ್ಮದಿ" ಎಂದರೆ ಸಾಕು. 1ನೇ ತಾರೀಕೇ ಕೊನೆ ಎಂದು ಸುಳ್ಳು ಹೇಳಿ ಗಡಿಬಿಡಿ ಮಾಡಿಸಿದರೆ ಪೋರ್ಟಲ್ ತೆರೆದ ಕೂಡಲೇ ನಿಜವಾದ ದಿನಾಂಕ ಅವರ ಕಣ್ಣಿಗೆ ಬೀಳುತ್ತದೆ. ಯಾರ ನಂಬಿಕೆಯ ಮೇಲೆ ಪತ್ರ ನಿಂತಿದೆಯೋ ಅವರಲ್ಲೇ ಆ ನಂಬಿಕೆ ಹೋಗುತ್ತದೆ.

ಇನ್ನೊಂದು ಮಾತು. ಅಮೆರಿಕದ ಪೂರ್ವ ಭಾಗದಲ್ಲಿ ಡಿಸೆಂಬರ್ 15ರ ರಾತ್ರಿ 11:59 ಎಂದರೆ ನಮ್ಮಲ್ಲಿ 16ರ ಬೆಳಗ್ಗೆ 10:29. ಈ ಹತ್ತೂವರೆ ಗಂಟೆಯನ್ನು ನೆಚ್ಚಿಕೊಂಡು ಕೂರಬೇಡಿ. ಜೋಯಿಡಾ ಕಡೆ ಕರೆಂಟು, ನೆಟ್‌ವರ್ಕು ಯಾವ ಹೊತ್ತಿಗೆ ಕೈಕೊಡುತ್ತದೋ ಹೇಳಲಾಗದು.

4. ಒಂದೇ ಪುಟದಲ್ಲಿ ನೆನಪಿಸಿ.

ಪತ್ರ ಗಟ್ಟಿಯಾಗುವುದೋ ಜೊಳ್ಳಾಗುವುದೋ ಈ ಪುಟದ ಮೇಲಿದೆ. ಮಾರ್ಕ್ಸ್ ಕಾರ್ಡ್, ಬಯೋಡೇಟಾ, ಯಾಕೆ ಓದಬೇಕೆಂದು ನೀವು ಬರೆದ ಪ್ರಬಂಧ ಎಲ್ಲವನ್ನೂ ಜೊತೆಗೆ ಕಳಿಸಿ. ಆದರೆ ಮೇಷ್ಟ್ರು ನಿಜವಾಗಿ ಓದುವುದು ಒಂದು ಪುಟ. ಅದರಲ್ಲಿ ಇಷ್ಟಿರಲಿ: ಯಾವ ವರ್ಷ ಯಾವ ವಿಷಯ ಅವರಲ್ಲಿ ಓದಿದಿರಿ, ಯಾವ ಕೋರ್ಸಿಗೆ ಅರ್ಜಿ, ಪತ್ರ ಮುಟ್ಟಬೇಕಾದ ದಿನ, ಮತ್ತು ಅವರ ಕಣ್ಣೆದುರು ನಡೆದ ಎರಡು ಘಟನೆ.

ಆ ಘಟನೆ ಹೇಗಿರಬೇಕು ಎನ್ನುವುದಕ್ಕೆ ನಮ್ಮ ಹುಡುಗಿಯ ಪ್ರಾಜೆಕ್ಟನ್ನೇ ನೋಡೋಣ. ತೋಟದ ಪಂಪಿಗೆ ಬರುವ ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರ ಮೇಲೆ ಹೊರೆ ಬಿದ್ದು ಮೋಟಾರಿನ ವೈಂಡಿಂಗ್ ಸುಡುತ್ತದೆ. ಅದನ್ನು ತಪ್ಪಿಸಲು ಅವಳ ತಂಡ ಒಂದು ಕಡಿಮೆ ಖರ್ಚಿನ ಸಾಧನ ಮಾಡಿತ್ತು. ಲ್ಯಾಬಿನಲ್ಲಿ ಸರಿಯಾಗಿದ್ದದ್ದು ತೋಟದಲ್ಲಿ ಸುಮ್ಮಸುಮ್ಮನೆ ಟ್ರಿಪ್ ಆಗತೊಡಗಿತು. ತಂಡದ ಉಳಿದವರು ರಿಲೇ ಕೆಟ್ಟಿದೆ ಎಂದು ಹೊಸದು ತರಲು ಹೊರಟರು. ಇವಳು ಸ್ಟಾರ್ಟರ್ ಒತ್ತಿದ ಕ್ಷಣದಲ್ಲೇ ಮೀಟರ್ ನೋಡಿದಳು. ಮೋಟಾರು ಶುರುವಾಗುವಾಗ ಎಳೆಯುವ ಹೆಚ್ಚಿನ ಕರೆಂಟಿಗೆ ವೋಲ್ಟೇಜು ಕುಸಿಯುತ್ತಿತ್ತು, ಸಾಧನ ಅದನ್ನೇ ಫೇಸ್ ಹೋಯಿತೆಂದು ತಿಳಿಯುತ್ತಿತ್ತು. ಕೆಲವು ಸೆಕೆಂಡಿನ ವಿಳಂಬ ಸೇರಿಸಿದ ಮೇಲೆ ತೊಂದರೆ ನಿಂತಿತು.

ಇದು ಗೈಡ್ ಬಲ್ಲ ಸಂಗತಿ. ಆದರೆ ಎರಡು ವರ್ಷದಲ್ಲಿ ಎಷ್ಟೋ ತಂಡಗಳು ಬಂದು ಹೋಗಿವೆ. ಹಾಗಾಗಿ ಪುಟದಲ್ಲಿ ಅವಳು ಬರೆಯಬೇಕಾದದ್ದು "ನನಗೆ ಸಮಸ್ಯೆ ಬಿಡಿಸುವ ಸಾಮರ್ಥ್ಯವಿದೆ" ಎಂದಲ್ಲ. ಹೀಗೆ:

"ಸರ್, ಏಳನೇ ಸೆಮಿಸ್ಟರಿನಲ್ಲಿ ನಮ್ಮ ಸಿಂಗಲ್ ಫೇಸಿಂಗ್ ಪ್ರಾಜೆಕ್ಟ್ ತೋಟದಲ್ಲಿ ಟ್ರಿಪ್ ಆಗುತ್ತಿದ್ದಾಗ ನಾನು ಸ್ಟಾರ್ಟ್ ಮಾಡುವಾಗಿನ ವೋಲ್ಟೇಜ್ ಅಳೆದು ನಿಮಗೆ ತೋರಿಸಿದ್ದೆ. ರಿಲೇ ಬದಲಿಸದೆ ಡಿಲೇ ಹಾಕೋಣ ಎಂದಾಗ ನೀವು ಮೂರು ಸಲ ಚಾಲೂ ಮಾಡಿ ನೋಡಲು ಹೇಳಿದ್ದಿರಿ. ಆಗಿನ ರೀಡಿಂಗ್ ಇರುವ ಪುಟ ಲಗತ್ತಿಸಿದ್ದೇನೆ."

ಇದನ್ನು ಓದಿದ ಮೇಷ್ಟ್ರಿಗೆ ಆ ಮಧ್ಯಾಹ್ನ ಮರಳಿ ಬರುತ್ತದೆ. ಹೊಗಳಿಕೆಯ ಮಾತನ್ನು ಅವರೇ ಹುಡುಕಿಕೊಳ್ಳುತ್ತಾರೆ. ಇನ್ನೊಬ್ಬ ಮೇಷ್ಟ್ರಿಗೆ ಬೇರೆ ಘಟನೆ ಕಳಿಸಿ. ಮೂರೂ ಪತ್ರದಲ್ಲಿ ಪಂಪಿನ ಕಥೆಯೇ ಬಂದರೆ ಓದುವವರಿಗೆ ಮೂವರು ಸಾಕ್ಷಿ ಸಿಗುವುದಿಲ್ಲ, ಒಬ್ಬರೇ ಸಿಗುತ್ತಾರೆ.

5. "ನೀನೇ ಬರೆದು ತಾ" ಎಂದರೆ ಪತ್ರ ಬರೆಯಬೇಡಿ, ಟಿಪ್ಪಣಿ ಕೊಡಿ.

"ನೀನ ಒಂದು ಡ್ರಾಫ್ಟ್ ಮಾಡಿ ಕಳಿಸಿಬಿಡು, ನಾ ಸೈನ್ ಮಾಡ್ತೀನಿ" ಎಂಬುದು ನಮ್ಮ ಕಾಲೇಜುಗಳಲ್ಲಿ ದಿನಾ ಕೇಳುವ ಮಾತು. ಹಾಗೆ ಹೇಳುವ ಮೇಷ್ಟ್ರು ಕೆಟ್ಟವರೇನಲ್ಲ, ಅವರಿಗೆ ಸಮಯವಿಲ್ಲ. ಆದರೂ ಒಪ್ಪಬಾರದು. ಪತ್ರ ಅವರದೇ ಮಾತೆಂದು ನಂಬಿ ಓದುವವರಿಗೆ ಅದು ಮೋಸ. ಮೂರನ್ನೂ ನೀವೇ ಬರೆದರೆ ವಾಕ್ಯದ ಗತಿಯೂ ತಪ್ಪುಗಳೂ ಒಂದೇ ತರಹ ಇರುತ್ತವೆ. ಸಿಕ್ಕಿಬಿದ್ದರೆ ಅರ್ಜಿಯನ್ನೇ ತಳ್ಳಿಹಾಕಬಹುದು.

ಉತ್ತರ ಹೀಗಿರಲಿ: "ಸರ್, ನಾ ಬರದ್ರ ಅದು ನನ್ನ ಮಾತ ಆಗ್ತೈತ್ರಿ. ನೀವು ನೋಡಿದ್ದನ್ನ ನಾನು ಪಾಯಿಂಟ್ ಮಾಡಿ ಕೊಡ್ತೀನ್ರಿ. ನಿಮಗ ಬಿಡುವಿದ್ದಾಗ ಬಂದು ಕೂಡ್ತೀನಿ, ನೀವು ಹೇಳ್ರಿ, ನಾ ಟೈಪ್ ಮಾಡ್ತೀನಿ." ನೆನಪಿನಿಂದ ಹೇಳಲು ಅರ್ಧ ಗಂಟೆ ಸಾಕು. ಅಕ್ಟೋಬರಿನಲ್ಲೇ ಕೇಳಿದ್ದರೆ ಆ ಅರ್ಧ ಗಂಟೆ ಸಿಗುತ್ತದೆ. ಡಿಸೆಂಬರ್ 12ಕ್ಕೆ ಕೇಳಿದರೆ ಸಿಗುವುದು ಸಹಿ ಮಾತ್ರ. ಟೈಪ್ ಮಾಡಿದ್ದನ್ನು ಅವರಿಗೇ ಕೊಟ್ಟುಬಿಡಿ, ತಿದ್ದಿ ಏರಿಸುವುದು ಅವರ ಕೈಯಲ್ಲೇ ಇರಲಿ.

6. ಹಳೇ ಮ್ಯಾನೇಜರ್ ವಿಷಯ ಬೇರೆ.

ಎಷ್ಟೋ ಕಂಪನಿಗಳಲ್ಲಿ ಎಚ್.ಆರ್. ವಿಭಾಗ ಕೊಡುವುದು ಎಕ್ಸ್‌ಪೀರಿಯೆನ್ಸ್ ಲೆಟರ್ ಮಾತ್ರ: ಯಾವ ಹುದ್ದೆ, ಎಂದಿನಿಂದ ಎಂದಿನವರೆಗೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಅದಕ್ಕಿಂತ ಹೆಚ್ಚು ಬರೆಯಬಾರದೆಂಬ ನಿಯಮವೂ ಇರಬಹುದು. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನಿಯಮವಿದ್ದರೆ, ನಿಮ್ಮ ಕೆಲಸ ನೋಡಿದವರಾಗಿ ಸ್ವಂತ ಹೆಸರಿನಲ್ಲಿ ಬರೆಯಬಹುದೇ ಎಂದು ಮ್ಯಾನೇಜರನ್ನೇ ಕೇಳಿ. ಹಾಗೆ ಬಂದ ಪತ್ರ ನಡೆಯುತ್ತದೆಯೇ ಎಂದು ವಿಶ್ವವಿದ್ಯಾಲಯಕ್ಕೆ ಇಮೇಲ್ ಮಾಡಿ ಖಚಿತಪಡಿಸಿಕೊಳ್ಳಿ. ಮ್ಯಾನೇಜರ್ ಕೆಲಸ ಬದಲಿಸಿದ್ದರೆ ಹಳೇ ಇಮೇಲ್ ಸತ್ತಿರುತ್ತದೆ, ಈಗಿನದನ್ನು ಕೇಳಿ ಪಡೆಯಿರಿ. ಅವರಿಗೆ ಕಳಿಸುವ ಪುಟದಲ್ಲಿ ಓದಿನ ಮಾತು ಬೇಡ. ಪ್ಯಾನಲ್ ಟೆಸ್ಟಿಂಗ್‌ನಲ್ಲಿ ಯಾವ ತಪ್ಪು ಹಿಡಿದಿರಿ, ಹೊಸ ಹುಡುಗರಿಗೆ ಏನು ಕಲಿಸಿದಿರಿ ಎನ್ನುವುದು ಬೇಕು.

7. ಪೋರ್ಟಲ್ ತುಂಬುವಾಗ ಎಚ್ಚರ.

ಒಪ್ಪಿಗೆ ಸಿಗುವ ಮೊದಲು ಯಾರ ಹೆಸರನ್ನೂ ಹಾಕಬೇಡಿ. ಬಹುತೇಕ ಪೋರ್ಟಲ್‌ಗಳಲ್ಲಿ ಬಟನ್ ಒತ್ತಿದ ಕೂಡಲೇ ಅವರಿಗೆ ಇಮೇಲ್ ಹೋಗುತ್ತದೆ. ಕಾಲೇಜಿನ ಅಧಿಕೃತ ಇಮೇಲ್ ಇದ್ದರೆ ಅದನ್ನೇ ಕೊಡಿ, ಜಿಮೇಲ್ ವಿಳಾಸವನ್ನು ಕೆಲವು ಕಡೆ ಅನುಮಾನದಿಂದ ನೋಡುತ್ತಾರೆ. ಕಳಿಸಿದ ದಿನವೇ ಫೋನ್ ಮಾಡಿ ಸ್ಪ್ಯಾಮ್‌ನಲ್ಲೂ ಹುಡುಕಲು ಹೇಳಿ. "ಲಿಂಕೇ ಬಂದಿಲ್ಲವಲ್ಲವಾ" ಎಂಬ ಮಾತು ಕೊನೆಯ ವಾರದಲ್ಲಿ ಕೇಳಿಬರುವುದು ಹೀಗೆ ವಿಚಾರಿಸದೆ ಬಿಟ್ಟಾಗ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅಮೆರಿಕದ ಅರ್ಜಿಗಳು ಕೇಳುತ್ತವೆ. ಬಿಟ್ಟುಕೊಡುವುದೇ ರೂಢಿ; ಹಾಗೆ ಬಂದ ಪತ್ರದ ಮೇಲೆ ಓದುವವರಿಗೆ ಭರವಸೆ ಹೆಚ್ಚು. ಐದು ವಿಶ್ವವಿದ್ಯಾಲಯಗಳಿದ್ದರೆ ಐದರ ಹೆಸರನ್ನೂ ದಿನಾಂಕವನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಸಲ ಕೊಡಿ. ವಾರಕ್ಕೊಂದರಂತೆ ಹೊಸ ಹೆಸರು ಸೇರಿಸುತ್ತಾ ಹೋದರೆ ಎಂಥ ಪ್ರೀತಿಯ ಮೇಷ್ಟ್ರೂ ದಣಿಯುತ್ತಾರೆ.

8. ಫಲಿತಾಂಶ ತಿಳಿಸಿ.

ಪತ್ರ ಏರಿದ ದಿನವೇ ಕೃತಜ್ಞತೆ ಹೇಳಿ. ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರ ಬಂದಾಗ ಮೂವರಿಗೂ ಫೋನ್ ಮಾಡಿ. ಸೀಟು ಸಿಗದಿದ್ದರೂ ಮಾಡಿ. ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಅರ್ಜಿ ಹಾಕುವುದಾದರೆ ಅದೇ ಪತ್ರವನ್ನು ಆ ವರ್ಷದ ಕೆಲಸ ಸೇರಿಸಿ ಅವರು ಪರಿಷ್ಕರಿಸಿ ಕೊಡಬಲ್ಲರು. ನೀವು ಕಳಿಸಿದ ಆ ಒಂದು ಪುಟವನ್ನೂ ರೀಡಿಂಗಿನ ಹಾಳೆಯನ್ನೂ ಜೋಪಾನವಾಗಿಡಿ.