ಅಂಪೈರಿಂಗ್ ಬಗ್ಗೆ ದೂರು: ಕ್ಲಬ್ ಏನು ಕೇಳಬಹುದು?

ಅಂಪೈರ್ ಕೊಟ್ಟ ಎಲ್‌ಬಿಡಬ್ಲ್ಯೂ ತಪ್ಪು ಎಂದು ಜಿಲ್ಲಾ ಕ್ರಿಕೆಟ್ ಸಂಸ್ಥೆಗೆ ದೂರು ಬರೆದರೆ ಪ್ರಯೋಜನವಿಲ್ಲ. ಎಂಸಿಸಿ ನಿಯಮ 2ರ ಪ್ರಕಾರ ಅಂಪೈರ್ ತೀರ್ಪೇ ಅಂತಿಮ. ಅವರೇ ಕೂಡಲೇ ತಿದ್ದಿಕೊಂಡರೆ ಮಾತ್ರ ಅದು ಬದಲಾಗುತ್ತದೆ. ಆದರೆ ಒಂದೇ ಲೀಗ್‌ನಲ್ಲಿ ಒಂದೇ ನಿಯಮ ಮೈದಾನಕ್ಕೊಂದು ರೀತಿಯಲ್ಲಿ ಜಾರಿಯಾದರೆ ಅದನ್ನು ಸರಿಪಡಿಸುವ ಹೊಣೆ ಲೀಗ್ ನಡೆಸುವವರದು. ದೂರಿಗೆ ನೆಲೆ ಇರುವುದು ಇಲ್ಲಿ.

ಒಂದು ಉದಾಹರಣೆ

ಕುರುಗೋಡಿನ ತಂಡವೊಂದು ಬಳ್ಳಾರಿಯಲ್ಲಿ ಆಡಿದಾಗ ಲೆಗ್ ಸ್ಟಂಪ್‌ನಿಂದ ತುಸು ಹೊರಗೆ ಹೋದ ಚೆಂಡನ್ನೆಲ್ಲ ವೈಡ್ ಕೊಟ್ಟರು ಎಂದುಕೊಳ್ಳಿ. ಮುಂದಿನ ವಾರ ಸಿರುಗುಪ್ಪದಲ್ಲಿ ಅಂಥದ್ದೇ ಚೆಂಡುಗಳಿಗೆ ವೈಡ್ ಇಲ್ಲ. ಹಾಗೆಂದು ಇಬ್ಬರು ಅಂಪೈರ್‌ಗಳಲ್ಲಿ ಒಬ್ಬರು ಪಕ್ಷಪಾತಿ ಎನ್ನಲಾಗದು. ಎಂಸಿಸಿ ನಿಯಮ 22ರಂತೆ, ಬ್ಯಾಟರ್‌ನ ಸಹಜ ಹೊಡೆತಕ್ಕೆ ಎಟುಕುವ ಚೆಂಡು ವೈಡ್ ಅಲ್ಲ. ಲೆಗ್ ಬದಿಯ ಬಿಗಿ ವೈಡ್ ಸೀಮಿತ ಓವರ್ ಟೂರ್ನಿಗಳ ಆಟದ ಷರತ್ತುಗಳಿಂದ ಬರುತ್ತದೆ. ಲೀಗ್‌ನ ಷರತ್ತು ಲಿಖಿತವಾಗಿ ಇಲ್ಲದಿದ್ದರೆ ಇಬ್ಬರು ಅಂಪೈರ್‌ಗಳು ಎರಡು ರೀತಿ ನಡೆಯುವುದು ಸಹಜ.

ಪತ್ರದಲ್ಲಿ ಏನಿರಬೇಕು?

ಮೊದಲು ಲೀಗ್ ನಿಯಮಾವಳಿ ಓದಿ. ದೂರಿಗೆ ಗಡುವು ಅಥವಾ ಶುಲ್ಕ ಇದ್ದರೆ ಅದನ್ನು ಪಾಲಿಸಿ. ಕ್ಲಬ್‌ನ ಲೆಟರ್‌ಹೆಡ್‌ನಲ್ಲಿ ಕಾರ್ಯದರ್ಶಿ ಸಹಿ ಮಾಡಿ ಹೀಗೆ ಬರೆಯಬಹುದು:

“ಮಾನ್ಯರೇ, ಈ ದಿನಾಂಕಗಳಂದು ಬಳ್ಳಾರಿ ಮತ್ತು ಸಿರುಗುಪ್ಪದಲ್ಲಿ ನಡೆದ ನಮ್ಮ ಎರಡು ಪಂದ್ಯಗಳಲ್ಲಿ ಲೆಗ್ ಬದಿಯ ವೈಡ್ ಅನ್ನು ಬೇರೆ ಬೇರೆ ಅಳತೆಯಿಂದ ತೀರ್ಮಾನಿಸಲಾಗಿದೆ. ಸಂಬಂಧಿಸಿದ ಓವರ್‌ಗಳ ವಿವರ, ಸ್ಕೋರ್ ಪುಸ್ತಕದ ಪ್ರತಿ ಮತ್ತು ನಾಯಕರ ವರದಿ ಲಗತ್ತಿಸಿದ್ದೇವೆ. ಫಲಿತಾಂಶ ಬದಲಿಸಲು ಕೇಳುತ್ತಿಲ್ಲ. ಉಳಿದ ಪಂದ್ಯಗಳಿಗೆ ಒಂದೇ ಲಿಖಿತ ಸೂಚನೆ ಹೊರಡಿಸಿ ಎಲ್ಲ ಅಂಪೈರ್‌ಗಳಿಗೂ ಕ್ಲಬ್‌ಗಳಿಗೂ ಕಳುಹಿಸಬೇಕೆಂದು ಕೋರುತ್ತೇವೆ.”

ವಿಡಿಯೊ ಇದ್ದರೆ ಕತ್ತರಿಸದೆ ಪೂರ್ತಿ ಕೊಡಿ. ಪತ್ರವನ್ನು ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಉತ್ತರ ಬಾರದಿದ್ದರೆ

ಜ್ಞಾಪನ ಪತ್ರ ಕೊಟ್ಟು, ವಿಷಯವನ್ನು ಕಾರ್ಯಕಾರಿ ಸಮಿತಿಯ ಮುಂದಿಡಲು ಕೋರಿ. ಸಂಸ್ಥೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿಯಾಗಿದ್ದರೆ ಬೈಲಾ ನೋಡಿ. ನಿಮ್ಮ ಕ್ಲಬ್ ಮತದ ಹಕ್ಕಿರುವ ಸದಸ್ಯನಾಗಿದ್ದರೆ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಎತ್ತಬಹುದು. ಅಧಿನಿಯಮದ 25ನೇ ಕಲಮಿನಡಿ, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸಂಸ್ಥೆಯ ಕಾರ್ಯನಿರ್ವಹಣೆ, ಹಣಕಾಸಿನ ಬಗ್ಗೆ ವಿಚಾರಣೆ ನಡೆಸಬೇಕು. ವೈಡ್ ಸರಿಯೋ ತಪ್ಪೋ ಎಂದು ಅವರು ಹೇಳುವುದಿಲ್ಲ.

ಎಚ್ಚರ

“ಅಂಪೈರ್ ದುಡ್ಡು ತಿಂದಿದ್ದಾರೆ” ಎಂದು ಪುರಾವೆಯಿಲ್ಲದೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ಪ್ರಕರಣ ಎದುರಾಗಬಹುದು. ಆ ವಿಷಯದಲ್ಲಿ ಅಧಿಕಾರ ಇರುವವರಿಗೆ ಸದ್ಭಾವನೆಯಿಂದ ಕೊಟ್ಟ ದೂರಿಗೆ ಅದೇ ಕಲಮಿನಲ್ಲಿ ವಿನಾಯಿತಿಯಿದೆ. ಆದ್ದರಿಂದ ದೂರು ಸಂಸ್ಥೆಗಷ್ಟೇ ಹೋಗಲಿ, ನಡೆದದ್ದನ್ನಷ್ಟೇ ಹೇಳಲಿ.