ರೂಪಾಯಿ ಇಳಿದರೂ ಕೊರತೆ ಇಳಿಯದೇಕೆ?

ಪ್ರಶ್ನೆ: ಕಡ್ಡಿರಾಂಪುರದಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹಂಪಿ ನೋಡಲು ಬರುವ ವಿದೇಶಿಯರೇ ಹೆಚ್ಚಾಗಿ ಉಳಿಯುತ್ತಾರೆ. ರೂಪಾಯಿ ಇಳಿದರೆ ರಫ್ತು ಹೆಚ್ಚಿ ವ್ಯಾಪಾರ ಕೊರತೆ ತಗ್ಗುತ್ತದೆ ಎಂದು ಮಗಳ ಪಠ್ಯಪುಸ್ತಕ ಹೇಳುತ್ತದೆ. ಪೇಪರ್ ನೋಡಿದರೆ ರೂಪಾಯಿ ಇಳಿದಾಗಲೇ ಕೊರತೆ ಹೆಚ್ಚಾಯಿತು ಎಂದಿರುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ನಿಜ. ಪೇಪರಿನದು ಮೊದಲ ಕೆಲವು ತಿಂಗಳ ಮಾತು, ಪುಸ್ತಕದ್ದು ಆಮೇಲಿನ ಮಾತು. ನಡುವಿನ ಅವಧಿಯಲ್ಲಿ ಏನಾಗುತ್ತದೆಂದು ನಿಮ್ಮ ಹೋಂಸ್ಟೇಯಿಂದಲೇ ನೋಡೋಣ.

2013ರ ಮೇ ಆರಂಭದಲ್ಲಿ ಡಾಲರಿಗೆ ಸುಮಾರು 54 ರೂಪಾಯಿ ಇತ್ತು. ಆಗಸ್ಟ್ 28ರಂದು ಅದು 68 ದಾಟಿತು. ಕೋಣೆಯ ಬಾಡಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಅತಿಥಿ ಅದಕ್ಕೆ ಹದಿನೆಂಟೂವರೆ ಡಾಲರ್ ಕೊಡಬೇಕಿತ್ತು, ಆಗಸ್ಟ್ ಕೊನೆಗೆ ಹದಿನೈದಕ್ಕೂ ಕಡಿಮೆ ಸಾಕಾಯಿತು. ಹಂಪಿ ಅಗ್ಗವಾಯಿತೆಂದು ಮರುವಾರವೇ ಯಾರೂ ವಿಮಾನ ಹತ್ತುವುದಿಲ್ಲ. ಆ ಚಳಿಗಾಲಕ್ಕೆ ಬರುವವರು ಆಗಲೇ ಟಿಕೆಟ್ ತೆಗೆದಿರುತ್ತಾರೆ. ಬಂದವರು ಅಷ್ಟೇ ಜನ, ದೇಶಕ್ಕೆ ಸೇರಿದ ಡಾಲರ್ ಮಾತ್ರ ಕಡಿಮೆ. ಹೆಚ್ಚು ಜನ ಬರುವುದಿದ್ದರೆ ಅದು ಮುಂದಿನ ಸೀಸನ್‌ನಲ್ಲಿ.

ಪ್ರವಾಸೋದ್ಯಮವನ್ನು ಸೇವೆಗಳ ಲೆಕ್ಕದಲ್ಲಿ ಬೇರೆ ಬರೆಯುತ್ತಾರೆ, ನಿಜ. ಸರಕಿನ ವ್ಯಾಪಾರದಲ್ಲೂ ನಡೆಯುವುದು ಇದೇ: ಬೆಲೆ ಒಂದೇ ದಿನದಲ್ಲಿ ಬದಲಾಗುತ್ತದೆ, ಪ್ರಮಾಣ ಬದಲಾಗಲು ತಿಂಗಳುಗಳು ಬೇಕು. ಒಪ್ಪಂದಗಳಿಗೆ ಸಹಿ ಬಿದ್ದಿರುತ್ತದೆ, ಹಡಗು ಸಮುದ್ರದಲ್ಲಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ದೇಶವೊಂದು 100 ಡಾಲರಿನ ಆಮದು, 80 ಡಾಲರಿನ ರಫ್ತು ಮಾಡುತ್ತಿದೆ. ಡಾಲರಿಗೆ 54 ರೂಪಾಯಿ ಇದ್ದಾಗ ಕೊರತೆ 1,080 ರೂಪಾಯಿ. ದರ 68ಕ್ಕೆ ಹೋಯಿತು, ಸರಕಿನ ಪ್ರಮಾಣ ಬದಲಾಗಿಲ್ಲ, ವ್ಯವಹಾರವೆಲ್ಲ ಡಾಲರಿನಲ್ಲೇ. ಆಗ ಡಾಲರ್ ಲೆಕ್ಕದಲ್ಲಿ ಕೊರತೆ 20 ಆಗಿಯೇ ಉಳಿಯುತ್ತದೆ, ರೂಪಾಯಿ ಲೆಕ್ಕದಲ್ಲಿ 1,360 ಆಗುತ್ತದೆ. ಇಷ್ಟಕ್ಕೇ ನಿಲ್ಲುವುದಿಲ್ಲ. ‘ನಿಮ್ಮ ರೂಪಾಯಿ ಇಳಿದಿದೆ, ದರ ಇಳಿಸಿ’ ಎಂದು ವಿದೇಶಿ ಗಿರಾಕಿ ಚೌಕಾಸಿಗೆ ಇಳಿಯುತ್ತಾನೆ. ರಫ್ತಿನ ಗಳಿಕೆ 76ಕ್ಕೆ ಇಳಿದರೆ ಡಾಲರಿನಲ್ಲೂ ಕೊರತೆ 24 ಆಯಿತು. ವರ್ಷ ಕಳೆದ ಮೇಲೆ ದುಬಾರಿ ಆಮದು 90ಕ್ಕೆ ತಗ್ಗಿ, ರಫ್ತು 84ಕ್ಕೆ ಏರಿತೆನ್ನಿ. ಕೊರತೆ 6 ಡಾಲರ್. ರಫ್ತಿನಿಂದ ಆಮದು ಕಳೆದ ಬಾಕಿಯ ಈ ಓಟವನ್ನು ಕಾಗದದ ಮೇಲೆ ಬರೆದರೆ ಇಂಗ್ಲಿಷಿನ ಜೆ ಅಕ್ಷರದಂತೆ ಕಾಣುತ್ತದೆ: ಮೊದಲು ಸ್ವಲ್ಪ ಕೆಳಗೆ, ಆಮೇಲೆ ತಿರುಗಿ ಶುರುವಿಗಿಂತ ಮೇಲೆ. ಬ್ರಿಟನ್ 1967ರ ನವೆಂಬರಿನಲ್ಲಿ ಪೌಂಡನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿತು. 1968ರಲ್ಲೂ ಅದು ಕೊರತೆಯಲ್ಲೇ ಒದ್ದಾಡಿ, 1969ರಲ್ಲಿ ಚೇತರಿಸಿತು.

ಪ್ರಶ್ನೆ: ನಮ್ಮದು ಸಂಡೂರು. 2013ರಲ್ಲಿ ಡಾಲರ್ ಅಷ್ಟು ಏರಿದರೂ ಇಲ್ಲಿನ ಅದಿರಿನ ಲಾರಿ ಮಾಲೀಕರಿಗೆ ಅದರಿಂದ ಏನೂ ಸಿಗಲಿಲ್ಲ. ನಿಮ್ಮ ಜೆ ನಮ್ಮ ಕಡೆ ತಿರುಗಲಿಲ್ಲವೇಕೆ?

ಉತ್ತರ: ರೇಖೆ ತಾನಾಗಿ ತಿರುಗುವುದಿಲ್ಲ. ರಫ್ತಿನ ಪ್ರಮಾಣ ಏರಬೇಕು, ಆಮದಿನ ಪ್ರಮಾಣ ಇಳಿಯಬೇಕು. ನಿಮ್ಮಲ್ಲಿ ಎರಡಕ್ಕೂ ದಾರಿ ಇರಲಿಲ್ಲ.

ಅದಿರು ರಫ್ತನ್ನು ರಾಜ್ಯ ಸರ್ಕಾರ 2010ರ ಜುಲೈನಲ್ಲಿ ನಿಷೇಧಿಸಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕರೂ ಉತ್ಪಾದನೆಗೆ ಮಿತಿ ಇತ್ತು, ಅದಿರು ಹೊರದೇಶಕ್ಕೆ ಹೋಗುವಂತಿರಲಿಲ್ಲ. ಆ ಬಾಗಿಲು ತೆರೆದದ್ದು 2022ರ ಮೇನಲ್ಲಿ. ಕೋರ್ಟ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಆ ಬೆಟ್ಟಗಳ ಗತಿ ನೀವೂ ನೋಡಿದ್ದೀರಿ. ಆದರೆ ರೂಪಾಯಿ ಎಷ್ಟೇ ಅಗ್ಗವಾದರೂ ಬಂದ್ ಆದ ಸರಕು ಹಡಗು ಹತ್ತಲಾರದು.

ಆಮದಿನ ಕಡೆ ನೋಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಪಕ್ಕದಲ್ಲೇ ಇದೆ, ಕೋಕಿಂಗ್ ಕಲ್ಲಿದ್ದಲು ಮಾತ್ರ ಹೊರದೇಶದಿಂದ ಬರಬೇಕು. ಊದುಕುಲುಮೆ ಉರಿಯುವವರೆಗೂ ಅದನ್ನು ಕೊಳ್ಳಲೇಬೇಕು. ಡಾಲರ್ ಏರಿದ ದಿನವೇ ಆ ಖರ್ಚು ಏರಿತು. ಉಕ್ಕಿನ ಕಡೆಯಲ್ಲಿ ಮಾತ್ರ ಸ್ವಲ್ಪ ತಿರುವು ಕಂಡಿತು: 2013–14ರಲ್ಲಿ ಭಾರತ ಆಮದಿಗಿಂತ ಹೆಚ್ಚು ಉಕ್ಕು ರಫ್ತು ಮಾಡಿತು. ಒಳಗಿನ ಬೇಡಿಕೆ ಮಂಕಾಗಿದ್ದದ್ದೂ ಅದಕ್ಕೊಂದು ಕಾರಣ.

ಆ ವರ್ಷ ದೇಶದ ಚಾಲ್ತಿ ಖಾತೆ ಕೊರತೆ ಜಿಡಿಪಿಯ 4.8%ರಿಂದ 1.7%ಕ್ಕೆ ಇಳಿದದ್ದನ್ನು ಕೆಲವರು ಜೆ ರೇಖೆಗೆ ಸಾಕ್ಷಿಯಾಗಿ ತೋರಿಸುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಆಗಸ್ಟಿನಲ್ಲಿ ಚಿನ್ನದ ಆಮದು ಸುಂಕ 10%ಕ್ಕೆ ಏರಿತ್ತು, ಜೊತೆಗೆ ಬೇರೆ ನಿರ್ಬಂಧಗಳೂ ಬಂದಿದ್ದವು. ಇಳಿಕೆಯ ದೊಡ್ಡ ಪಾಲು ಚಿನ್ನದ್ದು. ನಿಜವಾದ ತಿರುವನ್ನು ಗುರುತಿಸಬೇಕಾದರೆ ಕೋಟಿಗಳ ಲೆಕ್ಕ ಬದಿಗಿಟ್ಟು ಟನ್ನುಗಳನ್ನು ನೋಡಿ: ಎಷ್ಟು ಟನ್ ಹೊರಗೆ ಹೋಯಿತು, ಎಷ್ಟು ಒಳಗೆ ಬಂತು. ಟನ್ನುಗಳು ಕದಲದಿದ್ದರೆ ರೇಖೆ ಇನ್ನೂ ಕೆಳಗಿನ ಬಾಗಿನಲ್ಲೇ ಇದೆ.