ದೂರದ ಕೊಟ್ಟಿಗೆಗೆ ಸೌರ ಕ್ಯಾಮೆರಾ: ಸಿಗ್ನಲ್, ಬ್ಯಾಟರಿ ಮತ್ತು ಫಲಕದ ಲೆಕ್ಕ



2019ರ ಕೊನೆಯಲ್ಲಿ ಮತ್ತು 2020ರ ಆರಂಭದಲ್ಲಿ ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನರು ಬಲಿಯಾದುದು ತಮಗೆ ನೆನಪಿರಬಹುದು. ಅಂದು ಅರಣ್ಯ ಇಲಾಖೆಯವರು ಬೋನುಗಳ ಜೊತೆಗೆ ಕ್ಯಾಮೆರಾಗಳನ್ನೂ ಇಟ್ಟಿದ್ದರು. ಊರಿಂದ ದೂರದ ತೋಟದಲ್ಲಿ ರಾಸು ಕಟ್ಟುವವರಿಗೆ ಕ್ಯಾಮೆರಾದ ಮುಖ್ಯ ಉಪಯೋಗವೂ ಇಲ್ಲಿಯೇ ಇದೆ. ರಾತ್ರಿ ನಾಯಿ ಬೊಗಳಿದಾಗ ಬ್ಯಾಟರಿ ದೀಪ ಹಿಡಿದು ಕತ್ತಲಲ್ಲಿ ಹೋಗದೆ, ಮನೆಯಲ್ಲಿಯೇ ಮೊಬೈಲಿನಲ್ಲಿ ಕೊಟ್ಟಿಗೆಯನ್ನು ನೋಡಬಹುದು. ಆದರೆ ಆ ಹೊತ್ತಿನಲ್ಲಿ ಕ್ಯಾಮೆರಾ ಆರಿಹೋಗಿದ್ದರೆ ಮತ್ತೆ ನಾವೇ ಎದ್ದು ಹೋಗಬೇಕಾಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ಮೂರು ಲೆಕ್ಕ ಮಾಡಬೇಕು. ಮೊದಲು ಸಿಗ್ನಲ್, ಆಮೇಲೆ ಬ್ಯಾಟರಿ, ಕೊನೆಗೆ ಫಲಕ.

ಮೊದಲು ಸಿಗ್ನಲ್ ಏಕೆ?

ಸಿಗ್ನಲ್ ಇಲ್ಲದ ಕಡೆ ಎಷ್ಟು ದೊಡ್ಡ ಫಲಕ ಹಾಕಿದರೂ ಚಿತ್ರ ಮನೆಗೆ ಬರುವುದಿಲ್ಲ. ಅಲ್ಲದೆ, ಸಿಗ್ನಲ್ ದುರ್ಬಲವಾದಷ್ಟೂ ಕ್ಯಾಮೆರಾದೊಳಗಿನ ಮೋಡೆಮ್ ಹೆಚ್ಚು ಶಕ್ತಿ ಬಳಸಿ ಟವರನ್ನು ಮುಟ್ಟಲು ಹೆಣಗುತ್ತದೆ. ಸಂಪರ್ಕ ಕಡಿದಾಗಲೆಲ್ಲ ಮತ್ತೆ ಹುಡುಕುತ್ತದೆ. ಇದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಪರೀಕ್ಷೆ ಸುಲಭ. ಹಾಕಬೇಕೆಂದಿರುವ ಸಿಮ್ಮನ್ನು ಮೊಬೈಲಿಗೆ ಹಾಕಿ, ಕ್ಯಾಮೆರಾ ಕಟ್ಟುವ ಜಾಗಕ್ಕೇ ಹೋಗಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ Settings, About phone, SIM status ತೆರೆದರೆ Signal strength ಎದುರು -98 dBm ಎಂಬಂತೆ ಒಂದು ಸಂಖ್ಯೆ ಕಾಣುತ್ತದೆ. 4ಜಿ ಸಂಪರ್ಕದಲ್ಲಿ ಇದು -100ರ ಒಳಗಿದ್ದರೆ ಒಳ್ಳೆಯದು. -110ರ ಸುಮಾರಿನಲ್ಲಿದ್ದರೆ ಕಷ್ಟದಿಂದ ನಡೆಯುತ್ತದೆ. -115 ದಾಟಿದರೆ ನಂಬುವಂತಿಲ್ಲ. ಹಗಲು ಒಮ್ಮೆ, ರಾತ್ರಿ ಎಂಟು ಗಂಟೆಗೆ ಒಮ್ಮೆ ವಿಡಿಯೋ ಕರೆ ಮಾಡಿಯೂ ನೋಡಿ. ಊರಿನವರೆಲ್ಲ ಮೊಬೈಲ್ ಬಳಸುವ ಆ ಹೊತ್ತಿನಲ್ಲಿ ಸಂಪರ್ಕ ನಿಧಾನವಾಗುವುದುಂಟು.

ದಟ್ಟ ತೆಂಗು, ಅಡಿಕೆ ತೋಟದ ನಡುವೆ ಅಥವಾ ಗುಡ್ಡದ ಮರೆಯಲ್ಲಿ ಸಿಗ್ನಲ್ ಕುಗ್ಗುತ್ತದೆ. ಇಂಥ ಕಡೆ ಹೊರ ಆಂಟೆನಾ ಜೋಡಿಸಲು ಬರುವ ಕ್ಯಾಮೆರಾ ಕೊಂಡು, ಆಂಟೆನಾವನ್ನು ಎತ್ತರದ ಕಂಬಕ್ಕೆ ಕಟ್ಟಿದರೆ ಗುಣ ಕಾಣುತ್ತದೆ. ಕ್ಯಾಮೆರಾ ನಿಮ್ಮ ಕಂಪನಿಯ 4ಜಿ ಬ್ಯಾಂಡುಗಳಿಗೆ ಹೊಂದುತ್ತದೆಯೇ ಎಂದೂ ಅಂಗಡಿಯಲ್ಲಿ ಕೇಳಬೇಕು. ಉದಾಹರಣೆಗೆ, ಬಿಎಸ್‌ಎನ್‌ಎಲ್ 4ಜಿಯಲ್ಲಿ ಬ್ಯಾಂಡ್ 28 ಬಳಕೆಯಲ್ಲಿದೆ. ಎಲ್ಲ ಕ್ಯಾಮೆರಾಗಳಲ್ಲಿ ಅದು ಇರುವುದಿಲ್ಲ.

ಡೇಟಾ ವಿಷಯದಲ್ಲಿ ಒಂದು ಎಚ್ಚರಿಕೆ. ಸಾಧಾರಣ ಗುಣಮಟ್ಟದ ವಿಡಿಯೋ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಬಂದರೂ ಒಂದು ಗಂಟೆಗೆ 450 ಎಂಬಿ ಬೇಕು. ದಿನಕ್ಕೆ 1.5 ಜಿಬಿ ಇರುವ ಸಿಮ್ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಪೂರ್ತಿ ಚಿತ್ರೀಕರಣ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಆಗಲಿ. ಮೊಬೈಲಿಗೆ ಎಚ್ಚರಿಕೆ ಸಂದೇಶ ಮಾತ್ರ ಬರಲಿ, ಬೇಕಾದಾಗ ತೆರೆದು ನೋಡಿ.

ಕ್ಯಾಮೆರಾ ಎಷ್ಟು ತಿನ್ನುತ್ತದೆ?

ಗುಬ್ಬಿ ತಾಲ್ಲೂಕಿನ ಒಂದು ತೆಂಗಿನ ತೋಟದಲ್ಲಿ, ವಿದ್ಯುತ್ ಇಲ್ಲದ ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಿವೆ ಎಂದಿಟ್ಟುಕೊಳ್ಳೋಣ. ಇಲ್ಲಿ ದಿನದ 24 ಗಂಟೆಯೂ ನಡೆಯುವ 4ಜಿ ಕ್ಯಾಮೆರಾ ಬೇಕು. ಅದು ಹಗಲು ಸುಮಾರು 5 ವ್ಯಾಟ್, ಕತ್ತಲಲ್ಲಿ ನೋಡುವ ಇನ್‌ಫ್ರಾರೆಡ್ ದೀಪ ಹತ್ತಿದಾಗ 7 ವ್ಯಾಟ್ ಬಳಸುತ್ತದೆ ಎಂದರೆ ಸರಾಸರಿ 6 ವ್ಯಾಟ್ ಆಯಿತು. 24 ಗಂಟೆಗೆ ಗುಣಿಸಿದರೆ 144 ವ್ಯಾಟ್-ಗಂಟೆ. ಹಸುವಿನ ದಿನದ ಮೇವಿನಂತೆ ಇದು ಕ್ಯಾಮೆರಾದ ದಿನದ ಮೇವು. ನಿಮ್ಮ ಕ್ಯಾಮೆರಾದ ಮೇಲೆ ಬರೆದ ವ್ಯಾಟ್ ಬೇರೆಯಾದರೆ ಲೆಕ್ಕವನ್ನೂ ಅದರಂತೆ ಬದಲಿಸಿಕೊಳ್ಳಿ.

ಪುಟ್ಟ ಫಲಕವನ್ನು ಮೈಗೇ ಅಂಟಿಸಿಕೊಂಡು ಬರುವ ಅಗ್ಗದ ಕ್ಯಾಮೆರಾಗಳು ಬೇರೆ ಬಗೆಯವು. ಅವು ಸದಾ ಮಲಗಿದ್ದು, ಬಿಸಿ ಮೈಯ ಪ್ರಾಣಿಯೋ ಮನುಷ್ಯನೋ ಎದುರು ಸುಳಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಡಬ್ಬಿಯ ಮೇಲೆ 15,000 ಎಂಎಎಚ್ ಎಂದು ದೊಡ್ಡದಾಗಿ ಬರೆದಿದ್ದರೂ ಅದು 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 55 ವ್ಯಾಟ್-ಗಂಟೆ ಮಾತ್ರ. ಇದನ್ನು ಹಸುಗಳ ಕಡೆಗೇ ತಿರುಗಿಸಿದರೆ ಅವು ಬಾಲ ಆಡಿಸಿದಾಗ, ಎದ್ದು ಕೂತಾಗಲೆಲ್ಲ ಎಚ್ಚರಗೊಂಡು ಬೆಳಗಾಗುವುದರೊಳಗೆ ಖಾಲಿಯಾಗಬಹುದು. ಇಂಥ ಕ್ಯಾಮೆರಾವನ್ನು ತೋಟದ ಗೇಟಿಗೋ ದಾರಿಗೋ ಇಟ್ಟರೆ ಮಾತ್ರ ಸರಿ.

ಬ್ಯಾಟರಿ ಮತ್ತು ಫಲಕ

ಬಿಸಿಲೇ ಇಲ್ಲದ ಎರಡು ದಿನಗಳನ್ನು ಬ್ಯಾಟರಿ ತಡೆಯಬೇಕು. ಅಂದರೆ 288 ವ್ಯಾಟ್-ಗಂಟೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80 ಭಾಗ ಬಳಸಬಹುದಾದ್ದರಿಂದ 360 ವ್ಯಾಟ್-ಗಂಟೆಯ ಬ್ಯಾಟರಿ ಬೇಕು. 12.8 ವೋಲ್ಟ್, 30 ಎಎಚ್ ಬ್ಯಾಟರಿ ಇದಕ್ಕೆ ಸಾಕು. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ಆದುದರಿಂದ 12 ವೋಲ್ಟಿನ 50 ಎಎಚ್‌ಗೆ ಕಡಿಮೆಯಿಲ್ಲದ್ದು ಬೇಕು. ಚಾರ್ಜ್ ಕಂಟ್ರೋಲರನ್ನು ಬ್ಯಾಟರಿಯ ಬಗೆಗೆ ತಕ್ಕಂತೆ ಹೊಂದಿಸುವುದನ್ನು ಮರೆಯಬಾರದು. ಬ್ಯಾಟರಿಯ ಪೆಟ್ಟಿಗೆ ತಗಡಿನ ಸೂರಿನ ಕೆಳಗೆ ಕಾಯದಂತೆ, ನೆಲದಿಂದ ಮೇಲೆ, ನೆರಳಿನಲ್ಲಿರಲಿ.

ಫಲಕದ ಲೆಕ್ಕವನ್ನು ಬೇಸಿಗೆಯ ಬಿಸಿಲು ನೋಡಿ ಮಾಡಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆ ದಿನಕ್ಕೆ ಆರು ಗಂಟೆಯಷ್ಟು ಪೂರ್ಣ ಬಿಸಿಲು ಸಿಕ್ಕರೆ, ಮುಂಗಾರಿನ ದಟ್ಟ ಮೋಡದ ದಿನ ಎರಡು ಗಂಟೆಯಷ್ಟೇ ಸಿಗಬಹುದು. ಧೂಳು, ಬಿಸಿ, ಚಾರ್ಜಿಂಗ್ ನಷ್ಟಗಳಿಗೆ ನೂರಕ್ಕೆ 30 ಭಾಗ ಕಳೆದರೆ, 100 ವ್ಯಾಟಿನ ಫಲಕ ಅಂಥ ದಿನವೂ 140 ವ್ಯಾಟ್-ಗಂಟೆ ಕೊಡುತ್ತದೆ. ನಮ್ಮ ಕ್ಯಾಮೆರಾಗೆ ಬೇಕಾದದ್ದು 144. ಆದುದರಿಂದ 100 ವ್ಯಾಟ್ ತಕ್ಕದ್ದು. 40 ವ್ಯಾಟಿನ ಫಲಕ ಏಪ್ರಿಲ್‌ನಲ್ಲಿ ಚೆನ್ನಾಗಿಯೇ ನಡೆದು ಜುಲೈನಲ್ಲಿ ಕೈಕೊಡುತ್ತದೆ.

ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ಒಂದು ಮೀಟರ್ ಉದ್ದದ ಫಲಕವಾದರೆ ಉತ್ತರದ ಅಂಚು ಒಂದು ಗೇಣು ಎತ್ತರದಲ್ಲಿದ್ದರೆ ಸಾಕು. ಒಂದೇ ತೆಂಗಿನ ಗರಿಯ ನೆರಳು ಬಿದ್ದರೂ ಇಳುವರಿ ಅರ್ಧಕ್ಕಿಂತ ಕೆಳಗಿಳಿಯಬಹುದು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಬೀಳದ ಜಾಗ ಹುಡುಕಿ, ಅಲ್ಲಿಂದ ಕೊಟ್ಟಿಗೆಗೆ ವೈರು ಎಳೆಯಿರಿ. ಇಲಿ ಕಡಿಯದಂತೆ ವೈರನ್ನು ಪೈಪಿನೊಳಗೆ ಹಾಯಿಸಬೇಕು.

ದೋಷವನ್ನು ಗುರುತಿಸುವುದು ಹೇಗೆ?

ಬಿಸಿಲಿನ ದಿನ ಮಧ್ಯಾಹ್ನ ಮೂರಾದರೂ ಕಂಟ್ರೋಲರ್ ಬ್ಯಾಟರಿ ತುಂಬಿದೆ ಎಂದು ತೋರಿಸದಿದ್ದರೆ ಫಲಕ ಸಾಲದು, ಇಲ್ಲವೇ ಧೂಳು ಅಥವಾ ನೆರಳಿದೆ. ಸಂಜೆಗೆ ತುಂಬಿದ್ದರೂ ನಸುಕಿನಲ್ಲಿ ಕ್ಯಾಮೆರಾ ಆರಿ, ಬಿಸಿಲೇರಿದ ಮೇಲೆ ತಾನೇ ಹತ್ತಿದರೆ ಬ್ಯಾಟರಿ ಚಿಕ್ಕದು ಅಥವಾ ಹಳತಾಗಿದೆ. ಕ್ಯಾಮೆರಾದ ದೀಪ ಉರಿಯುತ್ತಿದ್ದೂ ಮೊಬೈಲಿನಲ್ಲಿ ಚಿತ್ರ ಬಾರದಿದ್ದರೆ ಸಿಗ್ನಲನ್ನೂ ಸಿಮ್ಮಿನ ರೀಚಾರ್ಜನ್ನೂ ನೋಡಿ.

ಕೊನೆಯದಾಗಿ, ಕ್ಯಾಮೆರಾ ಚಿರತೆಯನ್ನು ತೋರಿಸುತ್ತದೆಯೇ ಹೊರತು ತಡೆಯುವುದಿಲ್ಲ. ತಡೆಯುವುದು ಕೊಟ್ಟಿಗೆಯ ಗಟ್ಟಿ ಬಾಗಿಲು ಮತ್ತು ಜಾಲರಿ. ಚಿತ್ರದಲ್ಲಿ ಚಿರತೆ ಕಂಡರೆ ಹೊರಗೆ ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಕಳ್ಳರು ಕಂಡರೆ 112ಕ್ಕೆ ಕರೆ ಮಾಡಿ.